ಹೆಸರಿನ ಮುಂದೆ ಮೊತ್ತ ಬೇಡ

ಆಫೀಸಿನಲ್ಲಿ ಯಾರಾದರೂ ಕೆಲಸ ಬಿಟ್ಟು ಹೊರಟರೆ ವಾಟ್ಸ್‌ಆ್ಯಪ್‌ನಲ್ಲಿ ಒಂದು ಪಟ್ಟಿ ಹುಟ್ಟಿಕೊಳ್ಳುತ್ತದೆ. ಮೊದಲನೆಯವರು ತಮ್ಮ ಹೆಸರಿನ ಮುಂದೆ 500 ಎಂದು ಬರೆಯುತ್ತಾರೆ. ಎರಡನೆಯವರು ಅದನ್ನೇ ಕಾಪಿ ಮಾಡಿ ಕೆಳಗೆ ತಮ್ಮ ಹೆಸರು ಸೇರಿಸುತ್ತಾರೆ, ಮೊತ್ತ ಮಾತ್ರ ಅದೇ. ನೂರು ರೂಪಾಯಿ ಕೊಡೋಣ ಅಂದುಕೊಂಡವರು ಅಷ್ಟು ಹೊತ್ತಿಗೆ ಸುಮ್ಮನಾಗಿರುತ್ತಾರೆ. ಯಾರೂ ಬಾಯಿಬಿಟ್ಟು ಒತ್ತಾಯ ಮಾಡಿರುವುದಿಲ್ಲ, ಪಟ್ಟಿಯೇ ಮಾಡಿರುತ್ತದೆ.

ನಾನು ಕೆಲಸ ಮಾಡುವುದು ಮೂಡುಬಿದಿರೆಯಲ್ಲಿ. ನಾವು ಹದಿನೈದು ಮಂದಿ. ಕೆಲವರು ಸಿದ್ದಕಟ್ಟೆ ದಾರಿಯಾಗಿ ಬಂಟ್ವಾಳದಿಂದ, ಕೆಲವರು ವೇಣೂರು ದಾರಿಯಾಗಿ ಬೆಳ್ತಂಗಡಿಯಿಂದ ಬಸ್ಸಿನಲ್ಲಿ ಬರುವವರು. ಮೊದಲ ಸಂಬಳದವರೂ ಇದ್ದಾರೆ, ಮನೆಸಾಲದವರೂ ಇದ್ದಾರೆ. ಬೆಳ್ತಂಗಡಿಯ ಅಕ್ಕನಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿದಾಗ ದುಡ್ಡು ಒಟ್ಟುಮಾಡುವ ಕೆಲಸ ನನಗೆ ಬಂತು.

ಅವರನ್ನು ಬಿಟ್ಟು ಹದಿನಾಲ್ಕು ಜನರ ಗ್ರೂಪ್ ಮಾಡಿದೆ. ಸಂಬಳ ಆಗುವುದು 5ಕ್ಕೆ, ಹಾಗಾಗಿ 6ಕ್ಕೆ ಮೆಸೇಜ್ ಹಾಕಿದೆ: ‘ಅಕ್ಕನಿಗೆ ಒಂದು ಉಡುಗೊರೆ ಕೊಡೋಣ ಅಂತ. ಸೇರುವವರು 10ರೊಳಗೆ ನನ್ನ ನಂಬರಿಗೆ ಕಳಿಸಿ, ಇಲ್ಲವೇ ಸ್ಟೋರ್ ರೂಮಿನ ಡಬ್ಬಕ್ಕೆ ಹಾಕಿ. ಎಷ್ಟಾದರೂ ಸರಿ, ಆಗದಿದ್ದರೂ ಸರಿ. ಸೇರಿದ್ದಕ್ಕೆ ತಕ್ಕ ವಸ್ತು ತರೋಣ. ಕಳಿಸಿದ್ದನ್ನು ಇಲ್ಲಿ ಬರೆಯುವುದು ಬೇಡ. ಕಾರ್ಡಿಗೆ ಮಾತ್ರ ಎಲ್ಲರ ಸಹಿ ಬೇಕು.’

ಡಬ್ಬ ಇಟ್ಟದ್ದಕ್ಕೆ ಕಾರಣವಿದೆ. ಯುಪಿಐನಲ್ಲಿ ಕಳಿಸಿದರೆ ಹೆಸರು, ಮೊತ್ತ ನನಗಾದರೂ ಗೊತ್ತಾಗುತ್ತದೆ. ಡಬ್ಬಕ್ಕೆ ಹಾಕಿದರೆ ನನಗೂ ಗೊತ್ತಾಗುವುದಿಲ್ಲ. ವಸ್ತುವನ್ನು ಮೊದಲೇ ಆರಿಸದಿದ್ದುದೂ ಬೇಕೆಂದೇ. ಬೆಲೆ ಗೊತ್ತಾದರೆ ಜನ ಅದನ್ನು ಹದಿನಾಲ್ಕರಿಂದ ಭಾಗಿಸುತ್ತಾರೆ. ಕಡಿಮೆ ಬಿದ್ದರೆ ಮತ್ತೆ ಕೇಳಬೇಕು, ಎರಡನೇ ಸಲ ಕೇಳುವುದೇ ವಸೂಲಿ. ಗ್ರೂಪ್‌ನಲ್ಲಿ ಪೋಲ್ ಹಾಕೋಣ ಎಂದು ಒಬ್ಬರು ಹೇಳಿದರು. ಆದರೆ ವಾಟ್ಸ್‌ಆ್ಯಪ್ ಪೋಲ್‌ನಲ್ಲಿ ಯಾರು ಯಾವುದನ್ನು ಒತ್ತಿದರು ಎಂಬುದು ಎಲ್ಲರಿಗೂ ಕಾಣುತ್ತದೆ. ಅದೂ ಪಟ್ಟಿಯೇ ಆಯಿತಲ್ಲ!

ಇಷ್ಟಾದರೂ ಹತ್ತು ನಿಮಿಷದಲ್ಲಿ ಹಿರಿಯ ಸರ್ ಒಬ್ಬರು ಸಾವಿರ ಕಳಿಸಿದ ಸ್ಕ್ರೀನ್‌ಶಾಟ್ ಹಾಕಿಬಿಟ್ಟರು. ಪಾಪ, ಜಂಬಕ್ಕಲ್ಲ, ಬಂತೋ ಇಲ್ಲವೋ ಎಂಬ ಅನುಮಾನಕ್ಕೆ. ಗ್ರೂಪ್‌ನಲ್ಲಿ ಏನೂ ಹೇಳದೆ ಅವರಿಗೊಬ್ಬರಿಗೇ, ‘ಬಂತು ಸರ್. ಅದನ್ನು ಎಲ್ಲರಿಗೂ ಡಿಲೀಟ್ ಮಾಡ್ತೀರಾ?’ ಎಂದು ಬರೆದೆ. ಮಾಡಿದರು. ಅಡ್ಮಿನ್ ಆಗಿ ನಾನೇ ಅಳಿಸಬಹುದಿತ್ತು, ಆದರೆ ಹಾಗೆ ಮಾಡಿದರೆ ಅವರಿಗೆ ಬೇಸರವಾಗುತ್ತಿತ್ತು.

ನೆನಪಿಸಿದ್ದು ಒಂದೇ ಸಲ, 9ರ ಸಂಜೆ, ಅದೂ ಇಡೀ ಗ್ರೂಪಿಗೆ. ಯಾರು ಓದಿದ್ದಾರೆ ಎಂದು ತೆಗೆದು ನೋಡಲಿಲ್ಲ. ನೋಡಿದರೆ ಮರುದಿನ ಅವರ ಮುಖ ಕಂಡಾಗ ಅದೇ ನೆನಪಾಗುತ್ತದೆ.

10ರ ರಾತ್ರಿ ಲೆಕ್ಕ ಹಾಕಿದಾಗ 2,950 ರೂಪಾಯಿ ಇತ್ತು. ಗ್ರೂಪ್‌ನಲ್ಲಿ ಒಟ್ಟು ಮೊತ್ತವನ್ನು ಮಾತ್ರ ಬರೆದೆ. ಎಷ್ಟು ಜನ ಕೊಟ್ಟರು ಎಂದು ಬರೆದರೆ ಕೊಡದವರು ಯಾರು ಎಂಬ ಎಣಿಕೆ ಶುರುವಾಗುತ್ತದೆ. 2,600ಕ್ಕೆ ಟ್ರಾಲಿ ಬ್ಯಾಗ್ ಬಂತು, ಬಿಲ್ಲಿನ ಫೋಟೊ ಹಾಕಿದೆ. ಕಾರ್ಡನ್ನು ಟೀ ಹೊತ್ತಿನಲ್ಲಿ ಮೇಜಿನಿಂದ ಮೇಜಿಗೆ ಕಳಿಸಿ ಹದಿನಾಲ್ಕೂ ಸಹಿ ಹಾಕಿಸಿದ್ದಾಯಿತು. ಕಾರ್ಡಿಗೆ ಕೊಟ್ಟು ಉಳಿದ ದುಡ್ಡಿಗೆ ಗೋಳಿಬಜೆ ತರಿಸಿದೆವು. ಬಜೆ ಮಾತ್ರ ಸಾಕಾಗಲಿಲ್ಲ.