ಉಭಯ ಪರಿಚಯ: ಬ್ಯಾಂಕು ನಮ್ಮ ಸರ್ವರನ್ನು ನಿರಾಕರಿಸುವುದೇಕೆ

ಠಾಣೆಯಿಂದ ಬೇಲಾಪುರದತ್ತ ಸಾಗುವ ರಸ್ತೆಯ ಇಕ್ಕೆಲಗಳಲ್ಲಿ, ಐರೋಲಿ, ರಬಾಳೆ, ಮಹಾಪೆಗಳಲ್ಲಿ ತಲೆಯೆತ್ತಿರುವ ಡೇಟಾ ಸೆಂಟರುಗಳೊಳಗೆ ಅಹೋರಾತ್ರಿ ದುಡಿಯುವ ಸರ್ವರುಗಳಲ್ಲಿ ಹಲವಕ್ಕೆ ಮನುಷ್ಯರೊಡನೆ ನೇರವಾದ ವ್ಯವಹಾರವೇ ಇರುವುದಿಲ್ಲ. ಬ್ಯಾಂಕಿನದೋ ಸರ್ಕಾರದ ಇಲಾಖೆಯದೋ ಮತ್ತೊಂದು ಸರ್ವರನ್ನು ಕರೆದು, ಹಣ ಪಾವತಿಸೆಂದೋ ಖಾತೆಯ ವಿವರ ತಿಳಿಸೆಂದೋ ವಿನಂತಿಸುವುದೇ ಅವುಗಳ ಕಾರ್ಯ. ನಾವು ಬ್ರೌಸರಿನಲ್ಲಿ ಬ್ಯಾಂಕಿನ ಪುಟವನ್ನು ತೆರೆದಾಗ ತನ್ನ ಗುರುತನ್ನು ಪ್ರಮಾಣಪತ್ರದ ಮೂಲಕ ಸ್ಥಾಪಿಸಬೇಕಾದದ್ದು ಬ್ಯಾಂಕು ಮಾತ್ರ. ನಾವು ಯಾರೆಂಬುದು ಆಮೇಲೆ ಪಾಸ್‌ವರ್ಡಿನಿಂದ ತಿಳಿಯುತ್ತದೆ. ಸರ್ವರು ಸರ್ವರನ್ನು ಕರೆಯುವಲ್ಲಿ ಬ್ಯಾಂಕು ಅಷ್ಟಕ್ಕೆ ತೃಪ್ತವಾಗದೆ, ಕರೆದವನೂ ಮೊದಲೇ ತನ್ನ ಪ್ರಮಾಣಪತ್ರವನ್ನು ಒಪ್ಪಿಸಬೇಕೆಂದು ಕೇಳುತ್ತದೆ. ಇದೇ ಮ್ಯೂಚುಯಲ್ ಟಿಎಲ್‌ಎಸ್.

ಈ ಸಂವಾದದ ಕ್ರಮವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಬ್ಯಾಂಕು ತನ್ನ ಪ್ರಮಾಣಪತ್ರವನ್ನು ಕಳುಹಿಸುವುದರೊಡನೆಯೇ, ನಿನ್ನದನ್ನೂ ತೋರಿಸೆಂಬ ಕೋರಿಕೆಯನ್ನು, ಮತ್ತು ಅನೇಕ ವೇಳೆ ತಾನು ಯಾವ ಯಾವ ಪ್ರಮಾಣಾಧಿಕಾರಿಗಳನ್ನು ನಂಬುತ್ತೇನೆಂಬ ಪಟ್ಟಿಯನ್ನೂ ಕಳುಹಿಸುತ್ತದೆ. ನಮ್ಮ ಸರ್ವರು ತನ್ನ ಪ್ರಮಾಣಪತ್ರವನ್ನು ಕೊಟ್ಟು, ಅಲ್ಲಿಯವರೆಗೆ ನಡೆದ ಸಂಭಾಷಣೆಯ ಮೇಲೆ ತನ್ನ ಖಾಸಗಿ ಕೀಲಿಯಿಂದ ಸಹಿ ಹಾಕಿ, ಆ ಪತ್ರ ತನ್ನದೇ ಎಂಬುದನ್ನು ಸ್ಥಾಪಿಸುತ್ತದೆ. ಬಳಿಕ ಬ್ಯಾಂಕು ಸಹಿಯನ್ನು, ಪತ್ರ ಕೊಟ್ಟ ಅಧಿಕಾರಿಯನ್ನು, ಅವಧಿಯನ್ನು ಪರೀಕ್ಷಿಸಿ, ಕೊನೆಗೆ ಬಹುಮಂದಿ ಗಮನಿಸದ ಇನ್ನೊಂದನ್ನೂ ಪರೀಕ್ಷಿಸುತ್ತದೆ: ಈ ಪತ್ರವನ್ನು ಯಾವ ಉದ್ದೇಶಕ್ಕಾಗಿ ಕೊಡಲಾಗಿದೆ ಎಂಬುದನ್ನು.

ಈ ಉದ್ದೇಶದ ಪರೀಕ್ಷೆಯಲ್ಲಿಯೇ ಈಚೆಗೆ ಅನೇಕ ಸಂಸ್ಥೆಗಳು ಎಡವುತ್ತಿರುವುದರಿಂದ ಅದನ್ನೇ ಒಂದು ದೃಷ್ಟಾಂತದ ಮೂಲಕ ವಿವರಿಸುವುದು ಯುಕ್ತ. ಮಹಾಪೆಯಲ್ಲಿ ಸರ್ವರನ್ನಿರಿಸಿ, ಡೊಂಬಿವಲಿ ಕಲ್ಯಾಣಗಳ ಸಣ್ಣ ಕಾರ್ಖಾನೆಗಳ ಸಂಬಳವನ್ನು ತಿಂಗಳ ಕೊನೆಗೆ ಬ್ಯಾಂಕಿನ ಮೂಲಕ ಪಾವತಿ ಮಾಡಿಸುವ ಒಂದು ಚಿಕ್ಕ ಸಂಸ್ಥೆಯನ್ನು ಕಲ್ಪಿಸಿಕೊಳ್ಳೋಣ. 2024ರ ಡಿಸೆಂಬರಿನಲ್ಲಿ ಅದು ತನ್ನ ಜಾಲತಾಣಕ್ಕಾಗಿ ಒಂದು ಸಾರ್ವಜನಿಕ ಪ್ರಮಾಣಾಧಿಕಾರಿಯಿಂದ ವರ್ಷದ ಅವಧಿಯ ಪತ್ರವನ್ನು ಕೊಂಡಿತು. ಬ್ಯಾಂಕಿಗೂ ಅದನ್ನೇ ಕೊಟ್ಟು ನೋಂದಾಯಿಸಿತು. ವರ್ಷಪೂರ್ತಿ ಯಾವ ತೊಂದರೆಯೂ ಕಾಣಲಿಲ್ಲ. 2025ರ ಡಿಸೆಂಬರಿನಲ್ಲಿ ಅವಧಿ ಮುಗಿಯುವ ಹತ್ತು ದಿನ ಮುಂಚೆಯೇ ಪತ್ರವನ್ನು ನವೀಕರಿಸಲಾಯಿತು. ಜಾಲತಾಣ ಎಂದಿನಂತೆ ತೆರೆಯಿತು. ಆದರೆ ಬ್ಯಾಂಕಿಗೆ ಹೋದ ಕರೆಗಳೆಲ್ಲ ಮುರಿದುಬಿದ್ದವು. ಲಾಗಿನಲ್ಲಿ ಉಳಿದದ್ದು ಇಷ್ಟೇ:

```
sslv3 alert unsupported certificate
SSL alert number 43
```

ಸಂದೇಶದ ಆರಂಭದಲ್ಲಿರುವ ಹಳೆಯ ಆವೃತ್ತಿಯ ಹೆಸರನ್ನು ಕಂಡು, ನಮ್ಮ ಸರ್ವರು ಹಳೆಯ ಟಿಎಲ್‌ಎಸ್ ಬಳಸುತ್ತಿದೆಯೆಂದು ಭಾವಿಸಿ ದಿನಗಟ್ಟಲೆ ಅದರ ಹಿಂದೆ ಬೀಳುವವರುಂಟು. ಅದು ಓಪನ್‌ಎಸ್‌ಎಸ್‌ಎಲ್ ತಂತ್ರಾಂಶದ ಸಂದೇಶಗಳಲ್ಲಿ ಉಳಿದುಬಂದ ಹಳೆಯ ಹೆಸರು ಮಾತ್ರ. ಲೆಕ್ಕಕ್ಕೆ ಬರುವುದು ಕೊನೆಯ ಸಂಖ್ಯೆ. 45 ಎಂದಿದ್ದರೆ ಅವಧಿ ತೀರಿದೆ. 48 ಎಂದಿದ್ದರೆ ಪತ್ರ ಕೊಟ್ಟ ಅಧಿಕಾರಿಯನ್ನು ಬ್ಯಾಂಕು ಅರಿಯದು. 116 ಎಂದಿದ್ದರೆ ಪತ್ರ ಬಂದೇ ಇಲ್ಲ. 43 ಎಂದರೆ ಪತ್ರ ಬಂದಿದೆ, ಆದರೆ ಈ ಕೆಲಸಕ್ಕೆ ಸಲ್ಲುವ ಜಾತಿಯದಲ್ಲ. ಹಾಗಿದ್ದಲ್ಲಿ ಹಳೆಯ ಪತ್ರವನ್ನೂ ಹೊಸ ಪತ್ರವನ್ನೂ ಒಂದೇ ಆಜ್ಞೆಯಿಂದ ತೆರೆದು ಪಕ್ಕಪಕ್ಕದಲ್ಲಿಟ್ಟು ನೋಡತಕ್ಕದ್ದು:

```
openssl x509 -in client.crt -noout -dates -ext extendedKeyUsage
```

ಹಳೆಯದರಲ್ಲಿ `TLS Web Server Authentication, TLS Web Client Authentication` ಎಂದು ಎರಡು ಉದ್ದೇಶಗಳಿದ್ದವು. ಹೊಸದರಲ್ಲಿ ಮೊದಲನೆಯದು ಮಾತ್ರ ಉಳಿದಿದೆ. ಪತ್ರವನ್ನು ಪಡೆದವರಾಗಲಿ ಬ್ಯಾಂಕಿನವರಾಗಲಿ ಏನನ್ನೂ ಬದಲಿಸಿರಲಿಲ್ಲ. ಬದಲಾದದ್ದು ಪತ್ರಗಳನ್ನು ಕೊಡುವ ಜಗತ್ತಿನ ಪದ್ಧತಿ. ಬ್ರೌಸರುಗಳು ನಂಬುವ ಮೂಲ ಅಧಿಕಾರಗಳಿಂದ ಹೊರಡುವ ಪತ್ರಗಳು ಜಾಲತಾಣದ ಗುರುತಿಗಷ್ಟೇ ಮೀಸಲಾಗಬೇಕೆಂದು ಗೂಗಲ್ ಕ್ರೋಮ್‌ನ ನಿಯಮಾವಳಿ ಒತ್ತಾಯಿಸಿದ ಮೇಲೆ, ಡಿಜಿಸರ್ಟ್ ಸಂಸ್ಥೆ 2025ರ ಅಕ್ಟೋಬರ್ 1ರಿಂದ ತನ್ನ ಸಾರ್ವಜನಿಕ ಪತ್ರಗಳಲ್ಲಿ ಕ್ಲೈಂಟಿನ ಉದ್ದೇಶವನ್ನು ತಾನಾಗಿ ಸೇರಿಸುವುದನ್ನು ಬಿಟ್ಟಿತು. ಲೆಟ್ಸ್ ಎನ್‌ಕ್ರಿಪ್ಟ್ 2026ರ ಫೆಬ್ರವರಿ 11ರಂದು ಅದೇ ದಾರಿ ಹಿಡಿಯಿತು. ಈ ನಿರ್ಧಾರ ತಪ್ಪೆಂದು ನಾನು ಹೇಳಲಾರೆ. ಲೋಕಕ್ಕೆಲ್ಲ ತೆರೆದ ಜಾಲತಾಣದ ಗುರುತನ್ನೇ ಹಣ ಪಾವತಿಸುವ ಅಧಿಕಾರಕ್ಕೂ ಬಳಸಿದ್ದು ಆರಂಭದಿಂದಲೂ ಅವಿವೇಕವಾಗಿತ್ತು. ಅದು ನಡೆಯುತ್ತಿತ್ತೆಂಬ ಕಾರಣಕ್ಕೆ ಯಾರೂ ಪ್ರಶ್ನಿಸಲಿಲ್ಲ.

ಪರೀಕ್ಷಿಸುವವನನ್ನು ದಾರಿತಪ್ಪಿಸುವ ಒಂದು ಸಂಗತಿಯನ್ನು ಇಲ್ಲಿ ವಿಶೇಷವಾಗಿ ಹೇಳಲೇಬೇಕು. ಸಂಸ್ಥೆಯ ತಂತ್ರಜ್ಞನು ಪತ್ರವನ್ನೂ ಕೀಲಿಯನ್ನೂ ಕೊಟ್ಟು `openssl s_client` ಆಜ್ಞೆಯಿಂದ ಬ್ಯಾಂಕನ್ನು ಸಂಪರ್ಕಿಸಿದಾಗ ತೆರೆಯ ಮೇಲೆ `Verify return code: 0 (ok)` ಎಂದು ಬರುತ್ತದೆ. ನಮ್ಮ ಕಡೆ ಎಲ್ಲವೂ ಸರಿಯಿದೆಯೆಂದು ಅವನು ಬ್ಯಾಂಕಿಗೆ ಬರೆದು ತಿಳಿಸುತ್ತಾನೆ. ಆ ಸಾಲು ಹೇಳುತ್ತಿರುವುದು ಬ್ಯಾಂಕಿನ ಪತ್ರವನ್ನು ನಾವು ಒಪ್ಪಿದೆವೆಂಬುದನ್ನೇ ಹೊರತು, ನಮ್ಮ ಪತ್ರವನ್ನು ಬ್ಯಾಂಕು ಒಪ್ಪಿತೆಂಬುದನ್ನಲ್ಲ. ಅಲ್ಲದೆ, 2018ರಲ್ಲಿ ಪ್ರಕಟವಾದ ಟಿಎಲ್‌ಎಸ್ 1.3ರಲ್ಲಿ ಕರೆದವನು ತನ್ನ ಪತ್ರವನ್ನೂ ಸಹಿಯನ್ನೂ ಕಳುಹಿಸಿದೊಡನೆ, ಎದುರಿನವರ ತೀರ್ಪಿಗೆ ಕಾಯದೆ, ಸಂಪರ್ಕ ಸಿದ್ಧವಾಯಿತೆಂದು ಎಣಿಸಿ ಮುಂದುವರಿಯಬಹುದಾದ್ದರಿಂದ, ನಿರಾಕರಣೆಯು ಮೊದಲ ಉತ್ತರವನ್ನು ಓದಲು ಹೋದಾಗಷ್ಟೇ ಕೈಗೆ ಬರುತ್ತದೆ. ಆದಕಾರಣ ಸಂಪರ್ಕವಾಯಿತೆಂಬುದರಿಂದ ಏನನ್ನೂ ನಿರ್ಣಯಿಸದೆ, ನಿಜವಾದ ಒಂದು ವಿನಂತಿಯನ್ನು ಕಳುಹಿಸಿ ಅದರ ಉತ್ತರವನ್ನು ನೋಡತಕ್ಕದ್ದು. ಬ್ಯಾಂಕಿನ ಹೊರಬಾಗಿಲಲ್ಲಿ ಎನ್‌ಜಿನ್‌ಎಕ್ಸ್ ಇದ್ದರಂತೂ ಟಿಎಲ್‌ಎಸ್ ಎಚ್ಚರಿಕೆಯೇ ಬಾರದೆ, 400 ಎಂಬ ಸಾಮಾನ್ಯ ಉತ್ತರದೊಳಗೆ `No required SSL certificate was sent` ಎಂದೋ `The SSL certificate error` ಎಂದೋ ಬರೆದಿರುವುದುಂಟು. ಮೊದಲನೆಯದಕ್ಕೆ ಪತ್ರ ಹೋಗಲಿಲ್ಲವೆಂದೂ ಎರಡನೆಯದಕ್ಕೆ ಹೋದ ಪತ್ರ ಸಲ್ಲಲಿಲ್ಲವೆಂದೂ ಅರ್ಥ.

ಪತ್ರ ಹೋಗದಿರುವ ಪ್ರಸಂಗ ಜಾವಾದಲ್ಲಿ ಬರೆದ ವ್ಯವಸ್ಥೆಗಳಲ್ಲಿ ಹೆಚ್ಚು. ಬ್ಯಾಂಕು ಕಳುಹಿಸಿದ ಅಧಿಕಾರಿಗಳ ಪಟ್ಟಿಗೆ ನಮ್ಮ ಕೀಸ್ಟೋರಿನ ಪತ್ರ ಹೊಂದದಿದ್ದರೆ, ಅಥವಾ ಮೂಲ ಅಧಿಕಾರಕ್ಕೂ ನಮ್ಮ ಪತ್ರಕ್ಕೂ ನಡುವಣ ಕೊಂಡಿಯಾದ ಮಧ್ಯವರ್ತಿ ಪತ್ರವನ್ನು ಕೀಸ್ಟೋರಿಗೆ ಸೇರಿಸಲು ಮರೆತಿದ್ದರೆ, ಜಾವಾ ಯಾವ ದೂರನ್ನೂ ಹೇಳದೆ ಖಾಲಿ ಪತ್ರವನ್ನು ಕಳುಹಿಸಿಬಿಡುತ್ತದೆ.

ಮಹಾಪೆಯ ಸಂಸ್ಥೆಗೆ ಮರಳೋಣ. ಹಳೆಯ ಪತ್ರದ ಅವಧಿ ಇನ್ನೂ ಮುಗಿದಿರದ ಕಾರಣ, ಅದನ್ನೂ ಅದರ ಖಾಸಗಿ ಕೀಲಿಯನ್ನೂ ಅಳಿಸದೆ ಇಟ್ಟುಕೊಂಡಿದ್ದರೆ, ಬ್ಯಾಂಕಿನ ಕರೆಗಳಿಗೆ ಮಾತ್ರ ಅವನ್ನು ಮತ್ತೆ ಜೋಡಿಸಿ ಆ ದಿನದ ಸಂಬಳವನ್ನು ಪಾವತಿ ಮಾಡಿಸಬಹುದು. ಹೊಸದನ್ನು ಕೊಟ್ಟೊಡನೆ ಪ್ರಮಾಣಾಧಿಕಾರಿ ಹಳೆಯದನ್ನು ರದ್ದುಪಡಿಸಿದ್ದರೆ ಈ ಉಪಾಯವೂ ಇಲ್ಲ. ಉಳಿದ ಹತ್ತು ದಿನಗಳಲ್ಲಿ ಮಾಡಬೇಕಾದದ್ದು, ಬ್ಯಾಂಕು ಯಾವ ಅಧಿಕಾರಿಯ ಕ್ಲೈಂಟ್ ಪತ್ರವನ್ನು ಒಪ್ಪುತ್ತದೆಂದು ಬರವಣಿಗೆಯಲ್ಲಿ ಕೇಳಿ ತಿಳಿದು, ಆ ಕೆಲಸಕ್ಕೆಂದೇ ಪ್ರತ್ಯೇಕವಾದ ಹೊಸ ಕೀಲಿಯೊಂದನ್ನು ಸೃಷ್ಟಿಸಿ, ಅದರ ಸಿಎಸ್‌ಆರ್‌ಗೆ ಬ್ಯಾಂಕಿನ ಸ್ವಂತ ಪ್ರಮಾಣಾಧಿಕಾರದಿಂದಲೋ ಕ್ಲೈಂಟ್ ಉದ್ದೇಶದ ಪತ್ರಗಳನ್ನು ಕೊಡುವ, ಪ್ರಮಾಣಾಧಿಕಾರಿಯ ಬೇರೊಂದು ಶಾಖೆಯಿಂದಲೋ ಸಹಿ ಪಡೆಯುವುದು. ಸರ್ಕಾರದ ಇಲಾಖೆಯೊಡನೆ ವ್ಯವಹರಿಸುವವರು ಒಂದು ಭೇದವನ್ನು ಅರಿತಿರಬೇಕು: 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯಡಿ ದಾಖಲೆಗಳಿಗೆ ಸಹಿ ಹಾಕಲು ಪಡೆದ ಟೋಕನ್ನಿನೊಳಗಿನ ಡಿಜಿಟಲ್ ಸಹಿಪತ್ರವನ್ನು, ಇಲಾಖೆ ಹಾಗೆಂದು ಹೇಳಿದ ಹೊರತು, ಈ ಸಂಪರ್ಕಕ್ಕೆ ಬಳಸಲಾಗದು.

ಹೊಸ ಪತ್ರ ಕೈಗೆ ಬಂದ ಮೇಲೆಯೂ ಅದನ್ನು ಮೊದಲು ಬ್ಯಾಂಕಿನ ಪರೀಕ್ಷಾ ವ್ಯವಸ್ಥೆಯಲ್ಲಿ ನೋಂದಾಯಿಸಿ ನೋಡಬೇಕು. ಈಗ ಟಿಎಲ್‌ಎಸ್ ಸರಾಗವಾಗಿ ಮುಗಿದು ಉತ್ತರವಾಗಿ 403 ಬಂದರೆ ಮತ್ತೆ ಪತ್ರವನ್ನು ಬದಲಿಸಲು ಹೋಗಬಾರದು. ಪತ್ರವನ್ನು ಬ್ಯಾಂಕಿನ ಬಾಗಿಲು ಒಪ್ಪಿದೆ, ಒಳಗಿನ ಗ್ರಾಹಕಪಟ್ಟಿಯಲ್ಲಿ ಅದರ ಫಿಂಗರ್‌ಪ್ರಿಂಟ್ ಇನ್ನೂ ಸೇರಿಲ್ಲದಿರುವುದೋ, ಡೇಟಾ ಸೆಂಟರಿನಿಂದ ಹೊರಡುವ ನಮ್ಮ ಐಪಿ ವಿಳಾಸಕ್ಕೆ ಅನುಮತಿಯಿಲ್ಲದಿರುವುದೋ ಕಾರಣವಾಗಿರುವ ಸಂಭವವೇ ಹೆಚ್ಚು. ಅದನ್ನು ಸರಿಪಡಿಸುವ ಅಧಿಕಾರ ಬ್ಯಾಂಕಿನವರ ಕೈಯಲ್ಲಿರುವುದರಿಂದ, ಕರೆ ಮಾಡಿದ ಸಮಯವನ್ನೂ ಪತ್ರದ ಕ್ರಮಸಂಖ್ಯೆಯನ್ನೂ ನಮ್ಮ ಐಪಿ ವಿಳಾಸವನ್ನೂ ಬರೆದು ಅವರಿಗೆ ಕಳುಹಿಸತಕ್ಕದ್ದು. ಖಾಸಗಿ ಕೀಲಿಯನ್ನು ಮಾತ್ರ, ಅವರೇ ಕೇಳಿದರೂ, ಕಳುಹಿಸಕೂಡದು.