ಕ್ರೇಟು ಎಣಿಸಿದರೆ ವೇಳೆ ಸಿಗುತ್ತದೆ

ಸಂಜೆ ಐದು ಗಂಟೆ. ಆರಕ್ಕೆ ಕೊರಿಯರ್ ಗಾಡಿ ಹೊರಡಬೇಕು. ಪ್ಯಾಕಿಂಗ್ ವಿಭಾಗದ ಸೂಪರ್‌ವೈಸರ್ ಫೋನು ಮತ್ತೆ ಬಡಿದುಕೊಳ್ಳುತ್ತದೆ. ಆ ಕಡೆಯಿಂದ ಕಸ್ಟಮರ್ ಕೇರ್ ಹುಡುಗಿ.

“ಸರ್, ಈಗ ತಾನೇ ನಿಮ್ಮ ಹತ್ರ ಒಂದು ಅರ್ಜೆಂಟ್ ಆರ್ಡರ್ ಬಂದಿದೆ. ಆರು ಗಂಟೆ ಗಾಡಿಗೆ ಹೋಗುತ್ತಾ?”

“ಹೋಗುತ್ತಮ್ಮಾ. ಪ್ಯಾಕ್ ಮಾಡೋಕೆ ಎರಡೂವರೆ ನಿಮಿಷ ಸಾಕು.”

ಆರಕ್ಕೆ ಗಾಡಿ ಹೊರಟಿತು. ಆರ್ಡರ್ ಅಲ್ಲೇ ಉಳಿಯಿತು.

ಸೂಪರ್‌ವೈಸರ್ ಸುಳ್ಳು ಹೇಳಿರಲಿಲ್ಲ. ಮೇಜಿನ ಮೇಲೆ ಒಂದು ಆರ್ಡರಿಗೆ ಹಿಡಿಯುವುದು ನಿಜಕ್ಕೂ ಎರಡೂವರೆ ನಿಮಿಷವೇ. ಆದರೆ ಅವರು ಹೇಳಿದ್ದು ಕೆಲಸಕ್ಕೆ ಬೇಕಾದ ಹೊತ್ತು, ಆಕೆ ಕೇಳಿದ್ದು ಆರ್ಡರ್ ಒಳಗೆ ಬಂದು ಹೊರಬೀಳುವವರೆಗಿನ ಹೊತ್ತು. ಇವೆರಡರ ನಡುವೆ ಅಜಗಜಾಂತರ. ಎರಡನೆಯದನ್ನು ತಿಳಿಯಲು ಸ್ಟಾಪ್‌ವಾಚ್ ಹಿಡಿದು ಒಂದೊಂದೇ ಕ್ರೇಟಿನ ಹಿಂದೆ ಓಡಬೇಕಿಲ್ಲ. ನೆಲದ ಮೇಲೆ ಎಷ್ಟು ಕ್ರೇಟು ಕೂತಿವೆ ಎಂದು ಎಣಿಸಿ, ಗಂಟೆಗೆ ಎಷ್ಟು ಹೊರಬೀಳುತ್ತಿವೆ ಎಂಬ ಸಂಖ್ಯೆಯಿಂದ ಭಾಗಿಸಿದರೆ ಸಾಕು.

ಇದಕ್ಕೆ ಲಿಟಲ್ಸ್ ಲಾ ಎನ್ನುತ್ತಾರೆ. ಪುಸ್ತಕದಲ್ಲಿ L = λW ಎಂದು ಬರೆಯುತ್ತಾರೆ. L ಎಂದರೆ ಒಳಗಿರುವ ಸರಾಸರಿ ಸಂಖ್ಯೆ, λ ಎಂದರೆ ಗಂಟೆಗೆ ಎಷ್ಟು ಎಂಬ ವೇಗ, W ಎಂದರೆ ಒಂದೊಂದೂ ಒಳಗೆ ತಂಗುವ ಸರಾಸರಿ ಹೊತ್ತು. ಅಮೆರಿಕದ ಫಿಲಿಪ್ ಮೋರ್ಸ್ 1958ರಲ್ಲಿ ಸರದಿಸಾಲುಗಳ ಬಗ್ಗೆ ಬರೆದ ಪುಸ್ತಕದಲ್ಲಿ, ತಾನು ನೋಡಿದ ಕಡೆಯಲ್ಲೆಲ್ಲ ಈ ಸಂಬಂಧ ನಿಜವಾಗಿದೆ, ಸುಳ್ಳಾಗುವ ಉದಾಹರಣೆ ಯಾರಾದರೂ ತೋರಿಸಿ ಎಂದು ಓದುಗರಿಗೆ ಸವಾಲು ಹಾಕಿದ್ದರು. ಅವರ ಶಿಷ್ಯ ಜಾನ್ ಲಿಟಲ್ ಆಗ ಕ್ಲೀವ್‌ಲ್ಯಾಂಡಿನ ಕೇಸ್ ಸಂಸ್ಥೆಯಲ್ಲಿ ಪಾಠ ಮಾಡುತ್ತಿದ್ದರು. ಇದನ್ನು ಎಲ್ಲ ಸಂದರ್ಭಕ್ಕೂ ಸಾಧಿಸುವುದು ಎಷ್ಟು ಕಷ್ಟ ಎಂದು ತರಗತಿಯ ನಂತರ ವಿದ್ಯಾರ್ಥಿಯೊಬ್ಬ ಕೇಳಿದ. ಅಷ್ಟೇನೂ ಕಷ್ಟವಿರಲಿಕ್ಕಿಲ್ಲ ಎಂದರು ಲಿಟಲ್. ಹಾಗಾದರೆ ನೀವೇ ಮಾಡಿ ಎಂದ ವಿದ್ಯಾರ್ಥಿ. ಸಾಧನೆ 1961ರಲ್ಲಿ ಅಚ್ಚಾಯಿತು, ಸೂತ್ರಕ್ಕೆ ಮೇಷ್ಟ್ರ ಹೆಸರು ಅಂಟಿಕೊಂಡಿತು. ಲಿಟಲ್ ತೀರಿಕೊಂಡದ್ದು 2024ರಲ್ಲಿ.

ಗಣಿತದ ಸಾಧನೆ ಜಟಿಲವಾದರೂ ಒಳಗಿನ ತಿರುಳು ಸರಳ. ನೀವೇ ಒಂದು ಕ್ರೇಟು ಎಂದುಕೊಳ್ಳಿ. ಪ್ಯಾಕಿಂಗ್ ವಿಭಾಗದ ಬಾಗಿಲಲ್ಲಿ ಒಳಹೊಕ್ಕು, ಸರದಿಯಲ್ಲಿ ನಿಂತು, ಪ್ಯಾಕ್ ಆಗಿ, ಆಚೆ ಬಾಗಿಲಿನಿಂದ ಹೊರಬೀಳುವಾಗ ಒಮ್ಮೆ ಹಿಂತಿರುಗಿ ನೋಡಿ. ಒಳಗಿರುವವರೆಲ್ಲ ನಿಮ್ಮ ನಂತರ ಬಂದವರು, ಅಂದರೆ ನೀವು ಒಳಗಿದ್ದಷ್ಟು ಹೊತ್ತಿನಲ್ಲಿ ಬಂದವರು. ಗಂಟೆಗೆ 200 ಮಂದಿ ಬರುತ್ತಿದ್ದು ನೀವು ಮುಕ್ಕಾಲು ಗಂಟೆ ಇದ್ದಿರೆಂದರೆ ಒಳಗೆ 150 ಮಂದಿ ಇರಲೇಬೇಕು. ತಿರುಗಿಸಿ ಹೇಳುವುದಾದರೆ, ಒಳಗೆ 150 ಇದ್ದು ಗಂಟೆಗೆ 200 ಸಾಗುತ್ತಿದ್ದರೆ ತಂಗುವ ಹೊತ್ತು 45 ನಿಮಿಷ.

ಇನ್ನು ಒಂದು ಗೋದಾಮನ್ನೇ ತೆಗೆದುಕೊಳ್ಳೋಣ. ನೆಲಮಂಗಲ, ಹೊಸಕೋಟೆ ರಸ್ತೆಗಳಲ್ಲಿ ತಗಡಿನ ಸೂರಿನ ದೊಡ್ಡ ದೊಡ್ಡ ಗೋದಾಮುಗಳು ಕಾಣುತ್ತವಲ್ಲ, ಅಂಥದ್ದೊಂದು ಎಂದು ಊಹಿಸಿಕೊಳ್ಳಿ. ಅಂಕಿಗಳು ಲೆಕ್ಕಕ್ಕೆಂದು ಇಟ್ಟುಕೊಂಡವು. ರ‍್ಯಾಕುಗಳಿಂದ ಸಾಮಾನು ಆಯ್ದು ತರುವವರು ಒಂದು ಆರ್ಡರಿಗೆ ಒಂದರಂತೆ ಪ್ಲಾಸ್ಟಿಕ್ ಕ್ರೇಟಿನಲ್ಲಿ ಹಾಕಿ, ಟ್ರಾಲಿಯಲ್ಲಿ ಪ್ಯಾಕಿಂಗ್ ಜಾಗಕ್ಕೆ ತಳ್ಳುತ್ತಾರೆ. ಅಲ್ಲಿ ಎಂಟು ಮೇಜು, ಎಂಟು ಜನ. ಸ್ಕ್ಯಾನ್ ಮಾಡಿ, ಡಬ್ಬಕ್ಕೆ ತುಂಬಿ, ಟೇಪು ಎಳೆಯುತ್ತಾರೆ. ಆಮೇಲೆ ಲೇಬಲ್, ತೂಕ, ಗಾಡಿಯ ಚೀಲ. ಎಂಟು ಗಂಟೆಯ ಶಿಫ್ಟಿನಲ್ಲಿ 1600 ಆರ್ಡರ್ ಹೊರಹೋಗುತ್ತವೆ, ಅಂದರೆ ಗಂಟೆಗೆ 200. ಅರ್ಧ ಗಂಟೆಗೊಮ್ಮೆ ಎಣಿಸಿದಾಗ ಒಳಗಿರುವ ಆರ್ಡರು ಸರಾಸರಿ 150. ಉತ್ತರ ಆಗಲೇ ಸಿಕ್ಕಿದೆ: 45 ನಿಮಿಷ.

ಇಲ್ಲಿಗೇ ನಿಲ್ಲಿಸಿದರೆ ಲೆಕ್ಕ ಸರಿ, ತಿಳಿವಳಿಕೆ ಅರ್ಧ. ಈ ಸೂತ್ರದ ಸೊಗಸೆಂದರೆ ಗೆರೆಯನ್ನು ಎಲ್ಲಿ ಎಳೆದರೂ ಅದು ನಡೆಯುತ್ತದೆ. ಇಡೀ ವಿಭಾಗಕ್ಕೆ ಅನ್ವಯಿಸುವುದು ಅದರ ಒಂದು ಮೂಲೆಗೂ ಅನ್ವಯಿಸುತ್ತದೆ. ಆ 150 ಎಲ್ಲೆಲ್ಲಿ ಕೂತಿವೆ ಎಂದು ಬಿಡಿಸಿ ನೋಡೋಣ. ಮೇಜುಗಳ ಮುಂದೆ ನೆಲದ ಮೇಲೆ 100. ಮೇಜಿನ ಮೇಲೆ ತಲಾ ಒಂದರಂತೆ 8. ಲೇಬಲ್ ಮತ್ತು ತೂಕದ ಬಳಿ 12. ಉಳಿದ 30 ಗೋಡೆ ಬದಿಯ ರ‍್ಯಾಕಿನಲ್ಲಿ: ಒಂದು ಸಾಮಾನು ಕಡಿಮೆ ಬಂದದ್ದು, ಬಾರ್‌ಕೋಡ್ ಓದದ್ದು, ಬಣ್ಣ ತಪ್ಪಿದ್ದು. ಎಲ್ಲರೂ ಅದನ್ನು ‘ಹೋಲ್ಡ್’ ಎನ್ನುತ್ತಾರೆ.

ಮೇಜಿನ ಮುಂದಿನ 100ನ್ನು 200ರಿಂದ ಭಾಗಿಸಿದರೆ ಅರ್ಧ ಗಂಟೆ. ಮೇಜಿನ ಮೇಲಿನ 8ಕ್ಕೆ 2.4 ನಿಮಿಷ. ಸೂಪರ್‌ವೈಸರ್ ಹೇಳಿದ ‘ಎರಡೂವರೆ ನಿಮಿಷ’ ಇದೇ. ಲೇಬಲ್ಲಿನ ಬಳಿ 3.6 ನಿಮಿಷ. ಒಟ್ಟು 36.

ಹೋಲ್ಡ್ ರ‍್ಯಾಕಿನ ಲೆಕ್ಕ ಬೇರೆ. ಗಂಟೆಗೆ 200 ಆರ್ಡರುಗಳಲ್ಲಿ ಆ ರ‍್ಯಾಕು ಹತ್ತುವುದು ಇಪ್ಪತ್ತಕ್ಕೊಂದು, ಅಂದರೆ ಹತ್ತು. ಹಾಗಾಗಿ 30ನ್ನು ಭಾಗಿಸಬೇಕಾದದ್ದು 200ರಿಂದಲ್ಲ, 10ರಿಂದ. ಉತ್ತರ ಮೂರು ಗಂಟೆ! ರ‍್ಯಾಕು ಹತ್ತದ ಆರ್ಡರು 36 ನಿಮಿಷಕ್ಕೆ ಹೊರಬೀಳುತ್ತದೆ, ಹತ್ತಿದ್ದು ಮೂರೂವರೆ ಗಂಟೆ ದಾಟುತ್ತದೆ. ಎರಡನ್ನೂ ಅವುಗಳ ಪಾಲಿಗೆ ತಕ್ಕಂತೆ ಬೆರೆಸಿದಾಗ 45 ಬರುತ್ತದೆ. ಆದರೆ ಎರಡು ಗುಂಪಿನಲ್ಲಿ ಯಾವುದರ ಸರಾಸರಿಯೂ 45 ನಿಮಿಷವಲ್ಲ. ಸರಾಸರಿಯನ್ನೇ ಗ್ರಾಹಕರಿಗೆ ಮಾತು ಕೊಟ್ಟು ಕೂತರೆ ಸಿಕ್ಕಿಬೀಳುವುದು ಇಲ್ಲಿಯೇ.

ನೆಲದ ಮೇಲಿನ ಆ ನೂರರಲ್ಲೂ ಒಂದು ಸೂಕ್ಷ್ಮವಿದೆ. ಜಾಗ ಸಾಲದೆ ಕ್ರೇಟುಗಳನ್ನು ಒಂದರ ಮೇಲೊಂದು ಪೇರಿಸುತ್ತಾರೆ. ಪ್ಯಾಕ್ ಮಾಡುವವರ ಕೈಗೆ ಮೊದಲು ಸಿಗುವುದು ಮೇಲಿನದು, ಅಂದರೆ ಕೊನೆಗೆ ಬಂದದ್ದು. ತಳದ್ದು ಬೆಳಗ್ಗೆಯಿಂದ ಹೊರೆ ಹೊತ್ತುಕೊಂಡು ಕೂತೇ ಇರುತ್ತದೆ. ಸರಾಸರಿ ಇಲ್ಲೂ ಅರ್ಧ ಗಂಟೆಯೇ, ಯಾವ ಕ್ರಮದಲ್ಲಿ ಎತ್ತಿದರೂ ಸೂತ್ರಕ್ಕೆ ಲೆಕ್ಕವಿಲ್ಲ. ಆದರೆ ಒಂದು ಆರ್ಡರು ಐದು ನಿಮಿಷಕ್ಕೆ, ಇನ್ನೊಂದು ಎರಡು ಗಂಟೆಗೆ ಹೊರಬೀಳುತ್ತದೆ. ಪೇರಿಸುವುದನ್ನು ಬಿಟ್ಟು ಉರುಳೆ ಪಟ್ಟಿಯ ಮೇಲೆ ಸಾಲಾಗಿ ಬಿಟ್ಟರೆ ಸರಾಸರಿ ಬದಲಾಗದು, ಅಂದಾಜು ಮಾತ್ರ ನಂಬುವ ಹಾಗಾಗುತ್ತದೆ.

ಎಣಿಸುವುದು ಸುಲಭವೆಂದು ಕಂಡರೂ ತಪ್ಪುವುದು ಅಲ್ಲೇ. ನೆಲದ ಮೇಲೆ ಎಣಿಸಿದ್ದು ಕ್ರೇಟು, ಕಂಪ್ಯೂಟರಿನಲ್ಲಿ ಬರುವುದು ಆರ್ಡರು. ಐದರಲ್ಲೊಂದು ಆರ್ಡರು ಎರಡು ಕ್ರೇಟು ತುಂಬುತ್ತದೆ ಎಂದಿಟ್ಟುಕೊಂಡರೆ 150 ಕ್ರೇಟಿನಲ್ಲಿರುವುದು 125 ಆರ್ಡರು ಮಾತ್ರ. ಆಗ 45 ನಿಮಿಷವಲ್ಲ, 37 ನಿಮಿಷ ಚಿಲ್ಲರೆ. ಇನ್ನು ವೇಗದ ಅಂಕಿ. ಎಂಟು ಜನ ಇಷ್ಟು ಮಾಡಬಲ್ಲರು ಎಂಬ ಕಾಗದದ ಮೇಲಿನ ಸಂಖ್ಯೆ ಬೇಡ, ನಿಜಕ್ಕೂ ಹೊರಬಿದ್ದದ್ದು ಬೇಕು. ಚಹಾ ಹೊತ್ತಿನಲ್ಲಿ ಮೇಜು ನಿಂತಾಗ ಮಾತ್ರ ಎಣಿಸಿದರೆ ರಾಶಿ ಹೆಚ್ಚು ಕಾಣುತ್ತದೆ, ಆದ್ದರಿಂದ ಗಡಿಯಾರ ನೋಡಿಕೊಂಡೇ ಎಣಿಸಬೇಕು. ನೆಲ ಖಾಲಿ ಇದ್ದಾಗ ಶುರುಮಾಡಿ ಖಾಲಿಯಾದಾಗ ಮುಗಿಸಿದರೆ ಆ ದಿನದ ಮಟ್ಟಿಗೆ ಲೆಕ್ಕ ಕರಾರುವಾಕ್ಕು. ರಾಶಿ ಏರುತ್ತಲೇ ಇರುವ ಎರಡು ಗಂಟೆಯನ್ನಷ್ಟೇ ಕತ್ತರಿಸಿ ತೆಗೆದರೆ ಅಲ್ಲ. ಅನುಮಾನವಿದ್ದರೆ ಪ್ರತಿ ಐವತ್ತನೆಯ ಕ್ರೇಟಿಗೆ ಬಂದ ವೇಳೆ ಬರೆದ ಚೀಟಿ ಅಂಟಿಸಿ, ಹೊರಬೀಳುವಾಗ ನೋಡಿ. ಚೀಟಿ ಹೇಳುವುದೂ ಭಾಗಾಕಾರ ಹೇಳುವುದೂ ಬಹಳ ದೂರವಿದ್ದರೆ ಎಣಿಕೆಯ ಗೆರೆ ಎಲ್ಲೋ ತಪ್ಪಿದೆ.

ಆ ಫೋನ್ ಕರೆಗೆ ಬರೋಣ. ಸೂತ್ರ ಕೊಡುವುದು ದಿನದ ಸರಾಸರಿ, ಆ ಹುಡುಗಿಗೆ ಬೇಕಿದ್ದದ್ದು ಆ ಒಂದು ಆರ್ಡರಿನ ಕಥೆ. ಅದಕ್ಕೂ ಇದೇ ಭಾಗಾಕಾರ, ಆದರೆ ಸರಾಸರಿಯ ಬದಲು ಆ ಕ್ಷಣದ ರಾಶಿ ಹಿಡಿಯಬೇಕು. ಸಂಜೆಯ ನೂಕುನುಗ್ಗಲಿನಲ್ಲಿ ಮೇಜುಗಳ ಮುಂದೆ 190 ಕ್ರೇಟು ಇದ್ದವು. ಸರದಿ ಮುರಿಯದಿದ್ದರೆ ಅವು ಕರಗಲು 57 ನಿಮಿಷ, ಮೇಜು ಮತ್ತು ಲೇಬಲ್ಲಿಗೆ ಇನ್ನು 6. ಐದಕ್ಕೆ ಬಂದ ಆರ್ಡರು ಆರು ಗಂಟೆ ಮೂರು ನಿಮಿಷಕ್ಕೆ ಸಿದ್ಧ. ಮೂರು ನಿಮಿಷಕ್ಕೆ ಗಾಡಿ ತಪ್ಪಿತು.

ಇಂಥ ಹೊತ್ತಿನಲ್ಲಿ ಬಹುತೇಕ ಮ್ಯಾನೇಜರುಗಳಿಗೆ ಹೊಳೆಯುವುದು ಇನ್ನಷ್ಟು ಆರ್ಡರು ಒಳಗೆ ತಳ್ಳುವುದು: ನೆಲ ತುಂಬಿದ್ದರೆ ಜನ ಚುರುಕಾಗುತ್ತಾರೆ ಎಂಬ ನಂಬಿಕೆ. ಎಂಟೂ ಮೇಜು ಮೊದಲೇ ಬಿಡುವಿಲ್ಲದೆ ನಡೆಯುತ್ತಿರುವಾಗ ಹೊರಬೀಳುವ 200 ಏರುವುದಿಲ್ಲ. ಮೇಲಿನ ಸಂಖ್ಯೆ ಬೆಳೆಯುತ್ತದೆ, ಕೆಳಗಿನದು ಇದ್ದಲ್ಲೇ ಇರುತ್ತದೆ, ತಂಗುವ ಹೊತ್ತು ಉದ್ದವಾಗುತ್ತದೆ.

ಮಾಡಬೇಕಾದದ್ದು ಇದರ ತದ್ವಿರುದ್ಧ. ಮೇಜಿನ ಮುಂದೆ ಹೆಚ್ಚೆಂದರೆ 40 ಎಂದು ಮಿತಿ ಹಾಕಿ, ಅದಕ್ಕಿಂತ ಕಡಿಮೆಯಾದಾಗ ಮಾತ್ರ ಮುಂದಿನ ಟ್ರಾಲಿಗೆ ಆರ್ಡರು ಬಿಡಬೇಕು. ಸಾಲಿನಲ್ಲಿ ಕಾಯುವುದು ಅರ್ಧ ಗಂಟೆಯಿಂದ 12 ನಿಮಿಷಕ್ಕೆ ಇಳಿಯುತ್ತದೆ. ಹಾಗೆಂದು ನಾಲ್ಕಕ್ಕೆ ಇಳಿಸಲಾಗದು. ಟ್ರಾಲಿ ಬರುವುದು ಹದಿನಾರು, ಇಪ್ಪತ್ತು ಕ್ರೇಟು ಒಟ್ಟಿಗೆ ಹೊತ್ತು, ನಡುವೆ ಬಿಡುವು ಕೊಟ್ಟು. ಆ ಬಿಡುವಿನಲ್ಲಿ ಮೇಜು ಖಾಲಿ ನಿಂತರೆ 200 ಬಿದ್ದುಹೋಗುತ್ತದೆ. ಮೇಜು ಖಾಲಿಯಾಗತೊಡಗಿದರೆ ಮಿತಿ ಅತಿಯಾಯಿತು ಎಂದರ್ಥ.

ಕಾಯುವಿಕೆ ಮಾಯವಾಗಲಿಲ್ಲ, ನೆಲದಿಂದ ಕಂಪ್ಯೂಟರಿನ ಪಟ್ಟಿಗೆ ಹೋಯಿತಷ್ಟೇ ಎಂದು ಯಾರಾದರೂ ತಕರಾರು ತೆಗೆದರೆ ಅದು ನ್ಯಾಯವೇ. ಗ್ರಾಹಕರ ಒಟ್ಟು ಕಾಯುವಿಕೆ ಇದರಿಂದ ಕಡಿಮೆಯಾಗದು. ಆದರೆ ಪಟ್ಟಿಯಲ್ಲಿರುವ ಅರ್ಜೆಂಟ್ ಆರ್ಡರನ್ನು ಮೇಲಕ್ಕೆ ಎಳೆದುಕೊಳ್ಳಬಹುದು, ರದ್ದಾದದ್ದನ್ನು ಅಲ್ಲೇ ಅಳಿಸಬಹುದು. ರಾಶಿಯ ತಳದಲ್ಲಿ ಹೂತ ಕ್ರೇಟಿಗೆ ಎರಡೂ ಆಗುವುದಿಲ್ಲ. ಒಳಗಿನ ದಾರಿ 18 ನಿಮಿಷದ್ದಾದರೆ ಐದೂವರೆಗೆ ಒಳಬಂದ ಅರ್ಜೆಂಟ್ ಆರ್ಡರೂ ಆರರ ಗಾಡಿ ಹಿಡಿಯುತ್ತದೆ.

ಹೋಲ್ಡ್ ರ‍್ಯಾಕಿಗೆ ಬೇಕಾದದ್ದು ಒಬ್ಬ ಹುಡುಗ. ಅರ್ಧ ಗಂಟೆಗೊಮ್ಮೆ ರ‍್ಯಾಕು ನೋಡಿ, ಕಡಿಮೆ ಬಿದ್ದ ಸಾಮಾನು ಅವನೇ ತಂದುಕೊಟ್ಟು, ಅಲ್ಲಿ ಸರಾಸರಿ ಹತ್ತೇ ಕ್ರೇಟು ಇರುವಂತೆ ನೋಡಿಕೊಂಡರೆ ಮೂರು ಗಂಟೆ ಒಂದು ಗಂಟೆಯಾಗುತ್ತದೆ. ಆಗ ಒಳಗಿರುವುದು ಒಟ್ಟು 40, 8, 12 ಮತ್ತು 10, ಅಂದರೆ 70. ಅದನ್ನು 200ರಿಂದ ಭಾಗಿಸಿದರೆ 21 ನಿಮಿಷ. ಮೇಜುಗಳು ಎಂಟೇ, ಅಲ್ಲಿ ನಿಂತವರೂ ಎಂಟೇ ಜನ.