ಯಂತ್ರ ಕೊಟ್ಟ ಅಂಕ, ಮನುಷ್ಯರ ತಪಾಸಣೆ

ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಸ್ನಾತಕೋತ್ತರ ವ್ಯಾಸಂಗಕ್ಕೆ ಸೇರಲು ಬರೆಯುವ ಜಿಆರ್‌ಇ ಪರೀಕ್ಷೆಯಲ್ಲಿ ಪ್ರಬಂಧಕ್ಕೆ ಎರಡು ಕಡೆಯಿಂದ ಅಂಕ ಬೀಳುತ್ತದೆ. ಒಂದನ್ನು ತರಬೇತಿ ಪಡೆದ ಮೌಲ್ಯಮಾಪಕರು ಕೊಡುತ್ತಾರೆ, ಇನ್ನೊಂದನ್ನು ಪರೀಕ್ಷೆ ನಡೆಸುವ ಇಟಿಎಸ್ ಸಂಸ್ಥೆಯ ಇ-ರೇಟರ್ ಎಂಬ ತಂತ್ರಾಂಶ ಕೊಡುತ್ತದೆ. ಎರಡೂ ಹತ್ತಿರಹತ್ತಿರವಿದ್ದರೆ ಸರಾಸರಿಯೇ ಅಂತಿಮ. ಅಂತರ ಹೆಚ್ಚಿದ್ದರೆ ಮಾತ್ರ ಇನ್ನೊಬ್ಬ ಮೌಲ್ಯಮಾಪಕರು ಓದುತ್ತಾರೆ. ಆಗ ಯಂತ್ರದ ಅಂಕವನ್ನು ಕೈಬಿಡಲಾಗುತ್ತದೆ. ಕರ್ನಾಟಕದಿಂದ ಅಲ್ಲಿಗೆ ಓದಲು ಹೊರಡುವ ಎಂಜಿನಿಯರಿಂಗ್ ಪದವೀಧರರಲ್ಲಿ ಅನೇಕರು ಈ ಪರೀಕ್ಷೆ ಬರೆದವರೇ.

ಇಂಥ ತಂತ್ರಾಂಶ ಪ್ರಬಂಧವನ್ನು ಮನುಷ್ಯರಂತೆ ಓದುವುದಿಲ್ಲ. ಮೌಲ್ಯಮಾಪಕರು ಈಗಾಗಲೇ ಅಂಕ ಹಾಕಿರುವ ಪ್ರಬಂಧಗಳ ದೊಡ್ಡ ರಾಶಿಯನ್ನು ಅದಕ್ಕೆ ಕೊಡಲಾಗುತ್ತದೆ. ಉದ್ದ, ವ್ಯಾಕರಣದ ತಪ್ಪು, ಪದಗಳ ವೈವಿಧ್ಯ, ಪ್ಯಾರಾಗಳ ಜೋಡಣೆ ಮುಂತಾದ ಎಣಿಸಬಹುದಾದ ಲಕ್ಷಣಗಳಲ್ಲಿ ಯಾವುದಕ್ಕೆ ಎಷ್ಟು ತೂಕ ಕೊಟ್ಟರೆ ಆ ಅಂಕಗಳಿಗೆ ಸಮೀಪ ಬರಬಹುದು ಎಂಬುದನ್ನು ಅದು ಕಲಿಯುತ್ತದೆ. ವಾದ ನಿಜವೇ, ಉದಾಹರಣೆ ವಿಷಯಕ್ಕೆ ಹೊಂದುತ್ತದೆಯೇ ಎಂಬುದು ಈ ಎಣಿಕೆಗೆ ಸಿಗುವುದಿಲ್ಲ. ಎಂಐಟಿಯ ಲೆಸ್ ಪೆರೆಲ್ಮನ್ 2014ರಲ್ಲಿ ವಿದ್ಯಾರ್ಥಿಗಳ ಜೊತೆಗೂಡಿ ಇದನ್ನು ತೋರಿಸಿಕೊಟ್ಟರು. ಮೂರು ಪದ ಕೊಟ್ಟರೆ ಸಾಕು, ಕಠಿಣ ಪದಗಳಿಂದ ತುಂಬಿದ, ಅರ್ಥವೇ ಇಲ್ಲದ ಪ್ರಬಂಧವನ್ನು ಹೊಸೆಯುವ ಬೇಬಲ್ ಎಂಬ ಪ್ರೋಗ್ರಾಂ ಅವರದು. ಅಂಕ ಹಾಕುವ ಯಂತ್ರಗಳು ಅದರ ಬರಹಕ್ಕೆ ಒಳ್ಳೆಯ ಅಂಕವನ್ನೇ ಕೊಟ್ಟವು.

ಅರ್ಥವಿಲ್ಲದ ಬರಹವಾದರೆ ಯಾರಾದರೂ ಓದಿದೊಡನೆ ಸಿಕ್ಕಿಬೀಳುತ್ತದೆ. ಒಂದು ಗುಂಪಿನ ಕಡೆಗೆ ಯಂತ್ರ ತುಸುವೇ ವಾಲಿದರೆ ಅದು ಕಣ್ಣಿಗೆ ಬೀಳುವುದಿಲ್ಲ. ಇಟಿಎಸ್‌ನ ಬ್ರೆಂಟ್ ಬ್ರಿಜ್‌ಮನ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಚೀನಾದ ಅಭ್ಯರ್ಥಿಗಳಿಗೆ ಮನುಷ್ಯರಿಗಿಂತ ಇ-ರೇಟರ್ ಸರಾಸರಿ ಹೆಚ್ಚು ಅಂಕ ಕೊಟ್ಟಿತ್ತು. ಆಫ್ರಿಕನ್ ಅಮೆರಿಕನ್ನರಿಗೆ ತುಸು ಕಡಿಮೆ ಕೊಟ್ಟಿತ್ತು. ಪ್ರಬಂಧವೊಂದನ್ನು ಮಾತ್ರ ನೋಡಿದರೆ ಅಂತರ ಸಣ್ಣದು, ಇನ್ನೊಬ್ಬ ಮೌಲ್ಯಮಾಪಕರ ತನಕ ಹೋಗುವುದೇ ಇಲ್ಲ. ಅದೇ ಅಂತರ ಒಂದೇ ದಿಕ್ಕಿನಲ್ಲಿ ಸಾವಿರಾರು ಜನರ ಮೇಲೆ ಬಿದ್ದರೆ ಅದು ಅನ್ಯಾಯ.

ಹಾಗಾಗಿ ಯಂತ್ರವೂ ಮನುಷ್ಯರೂ ಜಗಳವಾಡಿದ ಪ್ರಬಂಧಗಳನ್ನಷ್ಟೇ ತಪಾಸಣೆಗೆ ತೆಗೆದುಕೊಂಡರೆ ಸಾಲದು. ಇಡೀ ರಾಶಿಯಿಂದ ಲಾಟರಿಯಂತೆ ಆರಿಸಿದ ಪ್ರಬಂಧಗಳನ್ನು ಇಬ್ಬರು ಮೌಲ್ಯಮಾಪಕರು ಬೇರೆಬೇರೆಯಾಗಿ ಓದಬೇಕು. ಯಂತ್ರದ ಅಂಕ, ಅಭ್ಯರ್ಥಿಯ ಹೆಸರು, ದೇಶ ಯಾವುದೂ ಅವರಿಗೆ ಕಾಣಬಾರದು. ಯಂತ್ರ 4 ಕೊಟ್ಟಿದೆ ಎಂದು ಮೊದಲೇ ಗೊತ್ತಾದರೆ ಓದುವವರ ಕೈಯೂ 4ರ ಸುತ್ತಲೇ ಸುಳಿಯುತ್ತದೆ. ಯಾರು ಯಾವ ಗುಂಪಿನವರು ಎಂಬುದನ್ನು ಅಂಕ ಬಿದ್ದ ಮೇಲೆಯೇ ಜೋಡಿಸಬೇಕು.

ಲೆಕ್ಕಕ್ಕೆಂದು 1,000 ಪ್ರಬಂಧಗಳನ್ನು ಹೀಗೆ ಓದಲಾಯಿತು ಎಂದುಕೊಳ್ಳೋಣ. ಒಟ್ಟಾರೆ ಮನುಷ್ಯರ ಸರಾಸರಿ 3.8, ಯಂತ್ರದ್ದೂ 3.8. ವರದಿ ಇಲ್ಲಿಗೇ ನಿಂತರೆ ಎಲ್ಲವೂ ಸರಿಯಾಗಿದೆ ಅನ್ನಿಸುತ್ತದೆ. ಅದರಲ್ಲಿ ಒಂದು ಗುಂಪಿನ 200 ಪ್ರಬಂಧಗಳನ್ನು ಬೇರ್ಪಡಿಸಿದಾಗ ಮನುಷ್ಯರ ಸರಾಸರಿ 3.3, ಯಂತ್ರದ್ದು 3.5. ಅವರಿಗೆ ಸಿಕ್ಕ 0.2 ಅಂಕದ ಲಾಭವನ್ನು ಉಳಿದ 800 ಜನ ತಲಾ 0.05 ಕಳೆದುಕೊಂಡು ಸರಿದೂಗಿಸಿದ್ದಾರೆ. ಅಂಕಗಳ ಹರವು, ಅಂದರೆ ಮಾನಕ ವಿಚಲನೆ, 0.9 ಇದ್ದರೆ 0.2ನ್ನು ಅದರಿಂದ ಭಾಗಿಸಬೇಕು, ಸುಮಾರು 0.22 ಬರುತ್ತದೆ. ಇಟಿಎಸ್ ಸಂಶೋಧಕರು 2012ರಲ್ಲಿ ಸೂಚಿಸಿದ ಮಾನದಂಡದ ಪ್ರಕಾರ ಯಾವುದೇ ಉಪಗುಂಪಿನಲ್ಲಿ ಇದು 0.10 ದಾಟಬಾರದು. ಗುಂಪಿನಲ್ಲಿ ಇಪ್ಪತ್ತು ಮೂವತ್ತು ಪ್ರಬಂಧಗಳಷ್ಟೇ ಇದ್ದರೆ ಇಂಥ ಅಂತರ ಆಕಸ್ಮಿಕವಾಗಿಯೂ ಬರಬಹುದು. ತೀರ್ಮಾನಕ್ಕೆ ಮುಂಚೆ ಇನ್ನಷ್ಟು ಓದಿಸಬೇಕು.

ಎಲ್ಲಿ ವಾಲಿದೆ ಎಂದು ಸಂಖ್ಯೆ ಹೇಳುತ್ತದೆ, ಏಕೆ ಎಂದು ತಿಳಿಯಲು ಪ್ರಬಂಧಗಳನ್ನೇ ಓದಬೇಕು. ಆ ಗುಂಪಿನಲ್ಲಿ ಅಂತರ ಅತಿ ಹೆಚ್ಚಿರುವ ಪ್ರಬಂಧಗಳನ್ನು ಅಕ್ಕಪಕ್ಕ ಇಟ್ಟರೆ, ಯಾವ ವಿಷಯಕ್ಕೂ ಹೊಂದುವಂಥ ಬಾಯಿಪಾಠದ ಪೀಠಿಕೆ ಒಂದಾದ ಮೇಲೊಂದರಲ್ಲಿ ಕಾಣಬಹುದು. ಅದರಲ್ಲಿ ವ್ಯಾಕರಣ ಶುದ್ಧ, ವಾಕ್ಯ ಉದ್ದ, ವಾದ ಶೂನ್ಯ. ಯಂತ್ರ ಮೆಚ್ಚುತ್ತದೆ, ಓದುಗರು ಮೆಚ್ಚುವುದಿಲ್ಲ. ಇನ್ನೊಂದು ಗುಂಪಿನಲ್ಲಿ ಇದಕ್ಕೆ ತದ್ವಿರುದ್ಧವಾಗಿ, ಚಿಕ್ಕದಾದರೂ ಗಟ್ಟಿಯಾಗಿ ವಾದಿಸಿದ ಬರಹಗಳು ಪೆಟ್ಟು ತಿಂದಿರಬಹುದು. ಕಾರಣ ಉದ್ದವೇ ಎಂದು ಖಚಿತವಾಗಲು, ಎರಡೂ ಗುಂಪುಗಳಿಂದ ಒಂದೇ ಅಳತೆಯ ಪ್ರಬಂಧಗಳನ್ನು ಆರಿಸಿ ಹೋಲಿಸಬೇಕು. ಅಂತರ ಅಲ್ಲಿ ಕರಗಿದರೆ ಉದ್ದದ ತೂಕವೇ ಹೆಚ್ಚಾಗಿದೆ. ಕರಗದಿದ್ದರೆ ಬೇರೆ ಲಕ್ಷಣಗಳನ್ನು ಹೀಗೆಯೇ ಒಂದೊಂದಾಗಿ ನೋಡಬೇಕು.

ಈ ಹೋಲಿಕೆಗೂ ಒಂದು ಮಿತಿಯಿದೆ, ಬಹಳ ಸಲ ಮರೆತುಹೋಗುವುದು ಇದೇ. ಯಂತ್ರ ಕಲಿತದ್ದು ಮನುಷ್ಯರ ಅಂಕದಿಂದ. ಒಂದು ಬಗೆಯ ಇಂಗ್ಲಿಷನ್ನು ಮೌಲ್ಯಮಾಪಕರೇ ಕೀಳಾಗಿ ಕಂಡಿದ್ದರೆ ಯಂತ್ರವೂ ಹಾಗೆಯೇ ಕಾಣುತ್ತದೆ. ಅಂತರ ಸೊನ್ನೆಯಾಗುತ್ತದೆ, ಅನ್ಯಾಯ ಹಾಗೆಯೇ ಉಳಿಯುತ್ತದೆ. ಆದ್ದರಿಂದ ಬೇರೆಬೇರೆ ಹಿನ್ನೆಲೆಯ ಹಿರಿಯ ಮೌಲ್ಯಮಾಪಕರು ಚರ್ಚಿಸಿ ಒಪ್ಪಿದ ಅಂಕಗಳ ಒಂದು ಸಣ್ಣ ಸಂಗ್ರಹ ಬೇಕು. ಯಂತ್ರದ ಅಂಕವನ್ನೂ ದಿನನಿತ್ಯದ ಮೌಲ್ಯಮಾಪಕರ ಅಂಕವನ್ನೂ ಅದರ ಎದುರಿಗಿಟ್ಟು ನೋಡಬೇಕು.

ವಾಲಿಕೆ ದೃಢಪಟ್ಟಾಗ ಆ ಗುಂಪಿನವರ ಅಂಕಕ್ಕೆ ಕೂಡಿಸುವುದು, ಕಳೆಯುವುದು ಪರಿಹಾರವಲ್ಲ. ಬಾಯಿಪಾಠ ಮಾಡದೆ ಸ್ವಂತವಾಗಿ ಬರೆದವರಿಗೂ ಅದರಿಂದ ಪೆಟ್ಟು ಬೀಳುತ್ತದೆ. ತಪ್ಪು ಮಾಡಿಸುತ್ತಿರುವ ಲಕ್ಷಣದ ತೂಕವನ್ನು ತಗ್ಗಿಸಿ ಯಂತ್ರಕ್ಕೆ ಮತ್ತೆ ಕಲಿಸಬೇಕು. ಅದಾಗುವ ತನಕ ಆ ಪ್ರಶ್ನೆಯ ಪ್ರಬಂಧಗಳನ್ನೆಲ್ಲ ಇಬ್ಬರು ಮನುಷ್ಯರೇ ಓದಬೇಕು.